ಹಳೆಯ ಡಿಸ್ಕ್, ಹೊಸ ಪ್ಲೇಸ್ಟೇಷನ್

2000ದಲ್ಲಿ ಬಂದ ಪ್ಲೇಸ್ಟೇಷನ್ 2ರೊಳಗೆ ಮೊದಲ ಪ್ಲೇಸ್ಟೇಷನ್‌ನ ಪ್ರೊಸೆಸರೂ ಕೂತಿತ್ತು. ಹೊಸ ಆಟ ನಡೆಯುವಾಗ ಅದು ಕಂಟ್ರೋಲರ್, ಮೆಮೊರಿ ಕಾರ್ಡ್‌ಗಳ ಚಾಕರಿ ನೋಡಿಕೊಳ್ಳುತ್ತಿತ್ತು. ಹಳೆಯ ಡಿಸ್ಕ್ ಹಾಕಿದರೆ ತಾನೇ ಯಜಮಾನನಾಗುತ್ತಿತ್ತು.

2006ರ ಪ್ಲೇಸ್ಟೇಷನ್ 3ರಲ್ಲೂ ಸೋನಿ ಇದೇ ದಾರಿ ಹಿಡಿಯಿತು. ಆದರೆ ಹಳೆಯ ಚಿಪ್‌ಗಳಿಗೆ ದುಡ್ಡು ಸುರಿಯಬೇಕಿತ್ತು. ಮೊದಲು ಪ್ರೊಸೆಸರನ್ನು ತೆಗೆದು ಅದರ ಕೆಲಸವನ್ನು ಸಾಫ್ಟ್‌ವೇರ್‌ಗೆ ವಹಿಸಿತು, ಆಮೇಲೆ ಗ್ರಾಫಿಕ್ಸ್ ಚಿಪ್ಪಿಗೂ ಕತ್ತರಿ ಬಿತ್ತು. ಹಾಗಾಗಿ ಸೆಕೆಂಡ್ ಹ್ಯಾಂಡ್ ಪ್ಲೇಸ್ಟೇಷನ್ 3 ಕೊಳ್ಳುವವರು ಹಿಂಬದಿಯ ಲೇಬಲ್ ನೋಡದೆ ದುಡ್ಡು ಕೊಡಬಾರದು. ಮಾಡೆಲ್ ಸಂಖ್ಯೆ CECHA ಅಥವಾ CECHB ಎಂದು ಶುರುವಾದರೆ ಪ್ಲೇಸ್ಟೇಷನ್ 2ರ ಡಿಸ್ಕ್‌ಗಳು ಚೆನ್ನಾಗಿ ಓಡುತ್ತವೆ. CECHC, CECHE ಆದರೆ ಕೆಲವು ಆಟ ಮುಗ್ಗರಿಸುತ್ತವೆ. ಅದರ ನಂತರದವುಗಳಲ್ಲಿ ಆ ಡಿಸ್ಕ್‌ಗಳಿಗೆ ಜಾಗವೇ ಇಲ್ಲ.

ಪ್ಲೇಸ್ಟೇಷನ್ 4 ಹೊತ್ತಿಗೆ ಒಳಗಿನ ರಚನೆಯೇ ಬದಲಾಗಿ, ಪ್ಲೇಸ್ಟೇಷನ್ 3ರ ಡಿಸ್ಕ್‌ಗಳು ಹೊರಗುಳಿದವು. 2020ರ ಪ್ಲೇಸ್ಟೇಷನ್ 5 ಮಾತ್ರ 4ರ ಎಎಂಡಿ ವಂಶದ್ದೇ. ಹಾಗಾಗಿ ಬೇರೆ ಚಿಪ್ ಇಡದೆಯೇ 4,000ಕ್ಕೂ ಹೆಚ್ಚು ಹಳೆಯ ಆಟ ಅದರಲ್ಲಿ ನಡೆಯುತ್ತವೆ. ಬಿಡುಗಡೆಯ ಹೊತ್ತಿಗೆ ಸೋನಿ ಪಟ್ಟಿ ಮಾಡಿದ ಅಪವಾದಗಳು ಹತ್ತೇ ಹತ್ತು.

ಪರೀಕ್ಷೆ ಸುಲಭ. ಪ್ಲೇಸ್ಟೇಷನ್ ಸ್ಟೋರ್‌ನಲ್ಲಿ ಆಟದ ಪುಟ ತೆರೆದಾಗ PS4 only ಎಂದಿದ್ದರೆ ಅದು ಹೊಸ ಯಂತ್ರದಲ್ಲಿ ನಡೆಯದು. ಡಿಸ್ಕ್ ಇರುವವರು ಇನ್ನೊಂದನ್ನೂ ನೋಡಬೇಕು: ಯಂತ್ರಕ್ಕೆ ಡ್ರೈವ್ ಇದೆಯೇ? ಡಿಜಿಟಲ್ ಎಡಿಷನ್‌ನಲ್ಲಿ ಅದಿಲ್ಲ. ಇರುವಲ್ಲೂ ಆಟ ಇನ್‌ಸ್ಟಾಲ್ ಆದ ಮೇಲೆ ಡಿಸ್ಕ್ ತೆಗೆದಿಟ್ಟರೆ ಆಟ ತೆರೆಯುವುದಿಲ್ಲ.

ಜನ ನಿಜಕ್ಕೂ ತಬ್ಬಿಬ್ಬಾಗುವುದು ಕಂಟ್ರೋಲರ್ ವಿಷಯದಲ್ಲಿ. 2022ರ ‘ಗಾಡ್ ಆಫ್ ವಾರ್ ರಾಗ್ನರಾಕ್’ ಎರಡೂ ಯಂತ್ರಗಳಿಗೆ ಬಂತು. ಪ್ಲೇಸ್ಟೇಷನ್ 5ರಲ್ಲಿ ಇದರ ಹಳೆಯ ಆವೃತ್ತಿ ಹಾಕಿದರೆ ಡ್ಯುಯಲ್‌ಶಾಕ್ 4 ಸಲೀಸಾಗಿ ಕೆಲಸ ಮಾಡುತ್ತದೆ. ಹೊಸ ಆವೃತ್ತಿಗೆ ದಾಟಿದೊಡನೆ ಅದೇ ಕಂಟ್ರೋಲರ್ ನಿಷ್ಪ್ರಯೋಜಕ, ಡ್ಯುಯಲ್‌ಸೆನ್ಸ್ ಬೇಕೇ ಬೇಕು. ಕೆಟ್ಟಿದೆಯೆಂದು ಅಂಗಡಿಗೆ ಒಯ್ಯುವ ಮುನ್ನ ಯಾವ ಆವೃತ್ತಿ ಓಡುತ್ತಿದೆ ಎಂದು ನೋಡಿಕೊಳ್ಳುವುದು ಲೇಸು. ಹೊರಗಿನ ಯುಎಸ್‌ಬಿ ಹಾರ್ಡ್ ಡಿಸ್ಕ್ ಕೂಡ ಹೀಗೆಯೇ: ಹಳೆಯ ಆಟಗಳು ಅದರಿಂದಲೇ ನಡೆಯುತ್ತವೆ, ಹೊಸ ಆಟಗಳನ್ನು ಅಲ್ಲಿ ಬರೀ ಇಟ್ಟುಕೊಳ್ಳಬಹುದು.

ಮೊದಲ ವಿಆರ್ ಹೆಡ್‌ಸೆಟ್ ಇರುವವರಿಗೆ ಅದರ ಕ್ಯಾಮೆರಾ ಜೋಡಿಸಲು ಪ್ರತ್ಯೇಕ ಅಡಾಪ್ಟರ್ ಬೇಕು. ಅದರ ಆಟಗಳು ಹೊಸ ವಿಆರ್2ರಲ್ಲಿ ನೇರವಾಗಿ ನಡೆಯುವುದಿಲ್ಲ. ಆಟ ತಯಾರಿಸಿದವರೇ ವಿಆರ್2ಕ್ಕೆ ಬೇರೆ ಆವೃತ್ತಿ ತಂದಿದ್ದರಷ್ಟೇ ಉಂಟು.