ವಿಕ್ಸ್ 13 ಎಂದರೆ ನಾಳೆ ಎಷ್ಟು ಅಂಕ?

2025ರ ಏಪ್ರಿಲ್ 4, ಶುಕ್ರವಾರ. ನಿಫ್ಟಿ 22,904ಕ್ಕೆ ಮುಗಿಯಿತು. ಅದರ ಪಕ್ಕದಲ್ಲೇ ಕಾಣುವ ಇನ್ನೊಂದು ಸೂಚ್ಯಂಕ, ಇಂಡಿಯಾ ವಿಕ್ಸ್, 13.76ರಲ್ಲಿ ನಿಂತಿತ್ತು. ಷೇರುಪೇಟೆಯ ಏರಿಳಿತವನ್ನು ಅಳೆಯುವ ಈ ಅಂಕಿ 13ರ ಆಸುಪಾಸಿನಲ್ಲಿದ್ದರೆ ಪೇಟೆ ಶಾಂತವಾಗಿದೆ ಎಂದು ವಹಿವಾಟುದಾರರು ಹೇಳುವುದು ರೂಢಿ. ಸೋಮವಾರ ಬೆಳಿಗ್ಗೆ ಒಂಬತ್ತೂ ಕಾಲಿಗೆ ಪೇಟೆ ತೆರೆದಾಗ ನಿಫ್ಟಿ 1,146 ಅಂಕ ಕೆಳಗಿತ್ತು. ಅದೇ ದಿನ ವಿಕ್ಸ್ ಶೇ. 65ಕ್ಕೂ ಹೆಚ್ಚು ಜಿಗಿದು 22.79ಕ್ಕೆ ಮುಗಿಯಿತು. ಈ ಅಂಕಿಯನ್ನು ನೋಡಿ ಎಷ್ಟು ಲಾಟ್ ಹಿಡಿಯಬೇಕೆಂದು ನಿರ್ಧರಿಸುವವರಿಗೆ ಆ ಒಂದು ವಾರಾಂತ್ಯ ಕಲಿಸಿದಷ್ಟನ್ನು ಬೇರಾವುದೂ ಕಲಿಸಲಿಕ್ಕಿಲ್ಲ.

ಮೊದಲು ಅಂಕಿ ಎಲ್ಲಿಂದ ಬರುತ್ತದೆ ಎನ್ನುವುದನ್ನು ನೋಡೋಣ. ಅಮೆರಿಕದ ಷಿಕಾಗೊ ಆಪ್ಷನ್ಸ್ ವಿನಿಮಯ ಕೇಂದ್ರ 1993ರಲ್ಲಿ ಇಂಥದ್ದೊಂದು ಸೂಚ್ಯಂಕವನ್ನು ಶುರು ಮಾಡಿತು. ಅದೇ ಲೆಕ್ಕಾಚಾರವನ್ನು ನಿಫ್ಟಿ ಆಪ್ಷನ್‌ಗಳಿಗೆ ಅಳವಡಿಸಿ ನಮ್ಮ ಎನ್‌ಎಸ್‌ಇ 2008ರಲ್ಲಿ ಇಂಡಿಯಾ ವಿಕ್ಸ್ ತಂದಿತು. ಇದಕ್ಕೆ ಬೇಕಾಗುವುದು ಷೇರುಗಳ ಬೆಲೆಯಲ್ಲ, ಆಪ್ಷನ್‌ಗಳ ಪ್ರೀಮಿಯಂ. ಆಪ್ಷನ್ ಎಂದರೆ ಹೆಚ್ಚುಕಮ್ಮಿ ಒಂದು ವಿಮೆ. ಪೇಟೆ ಕುಸಿದೀತೆಂಬ ಭಯ ಹೆಚ್ಚಿದಾಗ ವಿಮೆ ಕೊಳ್ಳುವವರು ಹೆಚ್ಚುತ್ತಾರೆ, ಮಾರುವವರು ದರ ಏರಿಸುತ್ತಾರೆ. ಹೀಗೆ ಕೊಳ್ಳುವವರೂ ಮಾರುವವರೂ ಆ ಕ್ಷಣದಲ್ಲಿ ಕೂಗುತ್ತಿರುವ ದರಗಳನ್ನೆಲ್ಲ ಸೇರಿಸಿ, ಮುಂದಿನ 30 ದಿನಗಳಲ್ಲಿ ನಿಫ್ಟಿ ಎಷ್ಟು ಹೊಯ್ದಾಡಬಹುದು ಎಂಬ ಅಂದಾಜನ್ನು ವಿಕ್ಸ್ ಕೊಡುತ್ತದೆ. ಹೇಳುವುದು ಮಾತ್ರ ವಾರ್ಷಿಕ ಶೇಕಡಾವಾರಿನಲ್ಲಿ. ಹೊಸಬರು ಎಡವುವುದು ಇಲ್ಲೇ. 13.76 ಎಂದರೆ ತಿಂಗಳಲ್ಲಿ ಶೇ. 13.76 ಅಲ್ಲ, ದಿನಕ್ಕಂತೂ ಅಲ್ಲವೇ ಅಲ್ಲ.

ವರ್ಷದ ಅಂಕಿಯನ್ನು ದಿನಕ್ಕಿಳಿಸಲು 16ರಿಂದ ಭಾಗಿಸಿದರೆ ಸಾಕು. ವರ್ಷದಲ್ಲಿ ಪೇಟೆ ನಡೆಯುವುದು ಸುಮಾರು 250 ದಿನ. ಆದರೆ ಏರಿಳಿತಗಳು ಒಂದರ ಮೇಲೊಂದು ನೇರವಾಗಿ ಕೂಡಿಕೊಳ್ಳುವುದಿಲ್ಲ. ಇಂದು ಏರಿದ್ದು ನಾಳೆ ಇಳಿದು ಅಷ್ಟಿಷ್ಟು ವಜಾ ಆಗುತ್ತಿರುತ್ತದೆ. ಆದ್ದರಿಂದ ದಿನಗಳ ಸಂಖ್ಯೆಯಿಂದ ಭಾಗಿಸದೆ ಅದರ ವರ್ಗಮೂಲದಿಂದ ಭಾಗಿಸುತ್ತಾರೆ. 250ರ ವರ್ಗಮೂಲ 16ಕ್ಕೆ ಹತ್ತಿರ. ತಿಂಗಳಿಗಾದರೆ 12ರ ವರ್ಗಮೂಲ, ಅಂದರೆ 3.46. ಹೀಗೆ 13.76ನ್ನು 16ರಿಂದ ಭಾಗಿಸಿದರೆ ದಿನಕ್ಕೆ ಶೇ. 0.86. ಆ ಶುಕ್ರವಾರದ ನಿಫ್ಟಿಯಲ್ಲಿ ಇದು ಸುಮಾರು 200 ಅಂಕ. ಇದು ಗರಿಷ್ಠ ಮಿತಿಯಲ್ಲ. ಮೂರು ದಿನಗಳಲ್ಲಿ ಎರಡು ದಿನ ಏರಿಳಿತ 200 ಅಂಕದೊಳಗಿದ್ದೀತು, ಒಂದು ದಿನ ಅದನ್ನು ಮೀರೀತು ಎಂದಷ್ಟೇ ಅರ್ಥ. ಮೀರುವ ದಿನ ಎಷ್ಟು ಮೀರುತ್ತದೆ ಎಂಬುದರ ಬಗ್ಗೆ ಈ ಭಾಗಾಕಾರ ಚಕಾರ ಎತ್ತುವುದಿಲ್ಲ.

ಈಗ ಲಾಟಿನ ಲೆಕ್ಕಕ್ಕೆ ಬರೋಣ. ಒಬ್ಬರ ಬಳಿ 10 ಲಕ್ಷ ರೂಪಾಯಿ ಬಂಡವಾಳವಿದೆ, ನಿಫ್ಟಿ ಏರುತ್ತದೆಂದು ಫ್ಯೂಚರ್ಸ್ ಕೊಳ್ಳುವ ಮನಸ್ಸಿದೆ ಎಂದಿಟ್ಟುಕೊಳ್ಳಿ. ಮಾಮೂಲಿ ಕೆಟ್ಟ ದಿನವೊಂದರಲ್ಲಿ ಬಂಡವಾಳದ ಶೇ. 3, ಅಂದರೆ 30,000 ರೂಪಾಯಿ ಹೋದರೆ ತಡೆದುಕೊಳ್ಳಬಲ್ಲೆ ಎಂದು ಅವರು ಗೆರೆ ಎಳೆದುಕೊಂಡಿದ್ದಾರೆ. ಆಗ ನಿಫ್ಟಿಯ ಲಾಟ್ 75. 200 ಅಂಕ ಸರಿದರೆ ಲಾಟಿಗೆ 15,000. ಹಾಗಾದರೆ ಎರಡು ಲಾಟ್ ಹಿಡಿಯಬಹುದು. ವಿಕ್ಸ್ 22.79 ಇದ್ದಾಗ ಇದೇ ಲೆಕ್ಕ ಮಾಡಿದರೆ ದಿನದ ಏರಿಳಿತ ಶೇ. 1.42, ಸುಮಾರು 316 ಅಂಕ. ಲಾಟಿಗೆ 23,700 ರೂಪಾಯಿ. ಆಗ ಒಂದೇ ಲಾಟ್. ಪೇಟೆಯ ಹೊಯ್ದಾಟ ಹೆಚ್ಚಿದಾಗ ಕೈಯಲ್ಲಿರುವುದನ್ನು ಕಡಿಮೆ ಮಾಡಿ, ಜೇಬಿನ ಮೇಲೆ ಬೀಳುವ ಏಟನ್ನು ಒಂದೇ ಹದದಲ್ಲಿ ಇಟ್ಟುಕೊಳ್ಳುವುದು ಈ ವಿಧಾನದ ತಿರುಳು. ಬಹುಮಟ್ಟಿಗೆ ಇದು ಒಳ್ಳೆಯ ವಿಧಾನವೇ. ಲಾಟ್ ಎಷ್ಟಿರಬೇಕೆಂಬುದನ್ನು ಅವತ್ತಿನ ಹುಮ್ಮಸ್ಸಿಗೆ ಬಿಡುವುದಕ್ಕಿಂತ ಸಾವಿರ ಪಾಲು ಮೇಲು.

ಆದರೆ ಆ ಸೋಮವಾರ ಎರಡು ಲಾಟ್ ಹಿಡಿದಿದ್ದವರ ಗತಿ ಏನಾಯಿತು? 200 ಅಂಕ ಕೆಳಗೆ ಸ್ಟಾಪ್‌ಲಾಸ್ ಹಾಕಿದ್ದವರು ಶುಕ್ರವಾರ ರಾತ್ರಿ ನಿಶ್ಚಿಂತೆಯಿಂದ ಮಲಗಿರಬಹುದು. ಪೇಟೆ ತೆರೆದದ್ದೇ 1,146 ಅಂಕ ಕೆಳಗೆ. ನಡುವಿನ ದರಗಳಲ್ಲಿ ವಹಿವಾಟೇ ನಡೆಯದ ಕಾರಣ ಸ್ಟಾಪ್‌ಲಾಸ್ ತಾನು ನಿಂತ ಜಾಗದಲ್ಲಿ ಕೆಲಸ ಮಾಡಲಿಲ್ಲ. ತೆರೆದ ದರದ ಆಸುಪಾಸಿನಲ್ಲೇ ಮಾರಾಟವಾಗಬೇಕಾಯಿತು. ಸೂಚ್ಯಂಕದ ಲೆಕ್ಕದಲ್ಲಿ ಎರಡು ಲಾಟಿಗೆ 1,72,000 ರೂಪಾಯಿ ನಷ್ಟ. ಮೂವತ್ತು ಸಾವಿರಕ್ಕೆ ಎಳೆದ ಗೆರೆ ಐದು ಪಟ್ಟಿಗಿಂತ ಹೆಚ್ಚು ದಾಟಿಹೋಗಿತ್ತು. ದಿನದ ಕೊನೆಗೆ ನಿಫ್ಟಿ ಚೇತರಿಸಿಕೊಂಡು 743 ಅಂಕಗಳ ಇಳಿಕೆಯೊಂದಿಗೆ 22,161ಕ್ಕೆ ಮುಗಿಯಿತು. ಬೆಳಿಗ್ಗೆಯೇ ಹೊರಬಿದ್ದವರಿಗೆ ಅದರಿಂದ ಏನೂ ಸಿಗಲಿಲ್ಲ.

ವಿಕ್ಸ್ ಸುಳ್ಳು ಹೇಳಿತೇ? ಇಲ್ಲ. ಅದು ಶುಕ್ರವಾರ ಮಧ್ಯಾಹ್ನ ಮೂರೂವರೆಯ ದರಗಳನ್ನು ವರದಿ ಮಾಡಿತ್ತು, ಅಷ್ಟೆ. ಟ್ರಂಪ್ ಸುಂಕ ಪ್ರಕಟಿಸಿದ್ದು ಏಪ್ರಿಲ್ 2ರಂದು. ಅದಕ್ಕೆ ಚೀನಾ ತಿರುಗೇಟು ಕೊಟ್ಟಿತು, ಶುಕ್ರವಾರ ರಾತ್ರಿ ಅಮೆರಿಕದ ಎಸ್ ಆ್ಯಂಡ್ ಪಿ 500 ಸೂಚ್ಯಂಕ ಶೇ. 6ರಷ್ಟು ಬಿತ್ತು, ಅಲ್ಲಿನ ವಿಕ್ಸ್ 45 ಮುಟ್ಟಿತು. ಆ ಹೊತ್ತಿಗೆ ನಮ್ಮ ಪೇಟೆ ಬಾಗಿಲು ಹಾಕಿ ಗಂಟೆಗಳೇ ಕಳೆದಿದ್ದವು. ಶನಿವಾರ ಬೆಳಿಗ್ಗೆ ಪರದೆಯ ಮೇಲೆ ಕಾಣುತ್ತಿದ್ದ 13.76 ಹಳಸಿದ ಅಂಕಿಯಾಗಿತ್ತು. ಶುಕ್ರವಾರವೇ ಇನ್ನೊಂದು ಸುಳಿವೂ ಇತ್ತು. ಅಂದು ನಿಫ್ಟಿ 345 ಅಂಕ ಇಳಿದಿತ್ತು, ವಿಕ್ಸ್ ಹೇಳುತ್ತಿದ್ದ ದಿನದ ಏರಿಳಿತಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು. ಆದರೂ ವಿಕ್ಸ್ 14ರ ಕೆಳಗೇ ಉಳಿದಿತ್ತು. ಪೇಟೆ ನಿಜವಾಗಿ ಆಡುತ್ತಿರುವ ಆಟ ವಿಕ್ಸ್ ಹೇಳುವುದಕ್ಕಿಂತ ದೊಡ್ಡದಾದಾಗ, ಲಾಟಿನ ಲೆಕ್ಕಕ್ಕೆ ಎರಡರಲ್ಲಿ ದೊಡ್ಡ ಅಂಕಿಯನ್ನೇ ಹಿಡಿಯಬೇಕು ಎಂಬುದು ನನ್ನ ನಿಲುವು.

ಆದ್ದರಿಂದ ಲಾಟಿಗೆ ಎರಡನೆಯ ಅಳತೆಯೊಂದು ಬೇಕೇ ಬೇಕು, ಅದು ವಿಕ್ಸ್ ಮೇಲೆ ನಿಂತಿರಬಾರದು. ಒಂದೇ ಏಟಿಗೆ ನಿಫ್ಟಿ ಶೇ. 5 ಬಿದ್ದರೆ ಏನು ಗತಿ ಎಂದು ಕೇಳಿಕೊಳ್ಳುವುದು ಸರಳ ದಾರಿ. 22,904ರ ಶೇ. 5 ಎಂದರೆ 1,145 ಅಂಕ, ಲಾಟಿಗೆ ಸುಮಾರು 86,000 ರೂಪಾಯಿ. ಅಂಥ ದಿನ ಬಂಡವಾಳದ ಶೇ. 10ಕ್ಕಿಂತ ಹೆಚ್ಚು ಕಳೆದುಕೊಳ್ಳಲಾರೆ ಎನ್ನುವವರಿಗೆ 10 ಲಕ್ಷದಲ್ಲಿ ಒಂದೇ ಲಾಟ್ ಸಲ್ಲುತ್ತದೆ, ವಿಕ್ಸ್ ಎರಡಕ್ಕೆ ಅನುಮತಿ ಕೊಟ್ಟರೂ ಸರಿಯೆ. ಎರಡು ಅಳತೆಗಳಲ್ಲಿ ಯಾವುದು ಕಡಿಮೆಯೋ ಅದೇ ಲಾಟಿನ ಸಂಖ್ಯೆ. ಶೇ. 5 ಅತಿಯಾದ ಕಲ್ಪನೆಯೇನಲ್ಲ. 2020ರ ಮಾರ್ಚ್ 23ರಂದು ನಿಫ್ಟಿ ಒಂದೇ ದಿನ ಸುಮಾರು ಶೇ. 13 ಕುಸಿದಿತ್ತು.

ವಿಕ್ಸ್ ಕಡಿಮೆಯಾದಷ್ಟೂ ಮೊದಲ ಅಳತೆ ಹೆಚ್ಚು ಲಾಟಿಗೆ ಅನುಮತಿ ಕೊಡುತ್ತಾ ಹೋಗುತ್ತದೆ. ಅಪಾಯ ಅಡಗಿರುವುದು ಅಲ್ಲಿ. ವಿಕ್ಸ್ 25 ಇರುವಾಗ ಎಲ್ಲರೂ ಎಚ್ಚರದಿಂದಿರುತ್ತಾರೆ. ದೊಡ್ಡ ಪೊಸಿಷನ್‌ಗಳು ಕಟ್ಟಿಕೊಳ್ಳುವುದು 11ರಲ್ಲಿ, 12ರಲ್ಲಿ. ಪರದೆ ಎಷ್ಟೇ ಕಡಿಮೆ ತೋರಿಸಲಿ, ಲೆಕ್ಕಕ್ಕೆ 15ಕ್ಕಿಂತ ಕೆಳಗಿನ ಅಂಕಿ ಬಳಸಬಾರದೆಂದು ನಿಶ್ಚಯಿಸಿಕೊಂಡರೆ ಈ ಬಲೆಯಿಂದ ಸಾಕಷ್ಟು ಪಾರಾಗಬಹುದು. 15ನ್ನು ಹಾಕಿ ನೋಡಿ: ಆ ಶುಕ್ರವಾರವೂ 30,000ದ ಗೆರೆಯೊಳಗೆ ಎರಡು ಲಾಟ್ ಹಿಡಿಸುವುದಿಲ್ಲ.

ಪಂಚಾಂಗದಲ್ಲಿ ಬರೆದಿಟ್ಟಂತೆ ಬರುವ ಆತಂಕವನ್ನಾದರೆ ವಿಕ್ಸ್ ಮೊದಲೇ ಹಿಡಿಯುತ್ತದೆ. 2024ರ ಲೋಕಸಭಾ ಚುನಾವಣೆ ಅದಕ್ಕೆ ಒಳ್ಳೆಯ ಉದಾಹರಣೆ. ಏಪ್ರಿಲ್ ಕೊನೆಯಲ್ಲಿ 10ರ ಆಸುಪಾಸಿನಲ್ಲಿದ್ದ ವಿಕ್ಸ್, ಮತ ಎಣಿಕೆಗೆ ಮೊದಲು, ಮೇ 31ರಂದು 24.6ಕ್ಕೆ ಏರಿತ್ತು. ಇದನ್ನು 16ರಿಂದ ಭಾಗಿಸಿ ದಿನಕ್ಕೆ ಶೇ. 1.5 ಎಂದರೆ ತಪ್ಪಾಗುತ್ತದೆ. ಆ 24.6 ಮೂವತ್ತೂ ದಿನಗಳಿಗೆ ಸಮನಾಗಿ ಹಂಚಿಕೆಯಾಗಿರಲಿಲ್ಲ, ಬಹುಪಾಲು ಎಣಿಕೆಯ ಸುತ್ತಮುತ್ತಲೇ ಗುಡ್ಡೆಯಾಗಿತ್ತು. ಬಿಡಿಸಿ ನೋಡುವುದು ಕಷ್ಟವೇನಲ್ಲ. 24.6ನ್ನು 3.46ರಿಂದ ಭಾಗಿಸಿದರೆ ತಿಂಗಳಿಗೆ 7.1, ಅದರ ವರ್ಗ ಸುಮಾರು 50. ಉಳಿದ 20 ವಹಿವಾಟಿನ ದಿನಗಳು 13ರ ವಿಕ್ಸ್‌ನಂತೆ ಶಾಂತವಾಗಿ ಕಳೆಯುತ್ತವೆ ಎಂದುಕೊಂಡರೆ ದಿನಕ್ಕೆ 0.81, ಅದರ ವರ್ಗ 0.66, ಇಪ್ಪತ್ತು ದಿನಕ್ಕೆ 13. ಐವತ್ತರಲ್ಲಿ ಹದಿಮೂರು ಕಳೆದರೆ 37, ಅದರ ವರ್ಗಮೂಲ 6. ಫಲಿತಾಂಶದ ಹೊತ್ತಿಗೆ ಶೇ. 6ರ ಆಸುಪಾಸಿನ ಏಟನ್ನು ಆಪ್ಷನ್ ಪೇಟೆ ಆಗಲೇ ಬೆಲೆಯೊಳಗೆ ಸೇರಿಸಿಟ್ಟಿತ್ತು. ಜೂನ್ 3ರಂದು ಮತಗಟ್ಟೆ ಸಮೀಕ್ಷೆಗಳ ಉತ್ಸಾಹದಲ್ಲಿ ನಿಫ್ಟಿ ಶೇ. 3ಕ್ಕೂ ಹೆಚ್ಚು ಏರಿತು. ಜೂನ್ 4ರಂದು ಶೇ. 5.93 ಬಿತ್ತು.

ಮರುದಿನ ನಿಫ್ಟಿ ಶೇ. 3.36 ಏರಿತು, ವಿಕ್ಸ್ ಸುಮಾರು 27ರಿಂದ 19ರ ಹತ್ತಿರಕ್ಕೆ ಜಾರಿತು. ಅನಿಶ್ಚಿತತೆ ಮುಗಿದ ಮೇಲೆ ವಿಮೆಯ ದರ ಇಳಿಯಲೇಬೇಕು. ದುಬಾರಿ ಪ್ರೀಮಿಯಂ ಕೊಟ್ಟು ಕಾಲ್ ಆಪ್ಷನ್ ಕೊಂಡಿಟ್ಟವರು ದಿಕ್ಕು ಸರಿಯಾಗಿ ಊಹಿಸಿದ್ದರೂ, ಸೂಚ್ಯಂಕದ ಏರಿಕೆ ಕೊಟ್ಟಿದ್ದರಲ್ಲಿ ಒಂದು ಪಾಲನ್ನು ಈ ಇಳಿಕೆ ಕಿತ್ತುಕೊಂಡಿತು.

ದಿಕ್ಕಿನ ಮಾತು ಬಂದಿತು. ವಿಕ್ಸ್ ಏರಿದಾಗ ಪೇಟೆ ಸಾಮಾನ್ಯವಾಗಿ ಇಳಿದಿರುತ್ತದೆ, ಅದರಿಂದ ಇನ್ನೂ ಇಳಿಯುತ್ತದೆಂದು ಜನ ನಂಬಿಬಿಡುತ್ತಾರೆ. ಅಂಕಿಯಲ್ಲಿ ಅಂಥ ಸೂಚನೆಯೇನೂ ಇರುವುದಿಲ್ಲ. 2025ರ ಏಪ್ರಿಲ್ 7ರ ಸಂಜೆ 22.79ನ್ನು 3.46ರಿಂದ ಭಾಗಿಸಿದರೆ ತಿಂಗಳಿಗೆ ಶೇ. 6.6. ಅಂದರೆ ಒಂದು ತಿಂಗಳಲ್ಲಿ ನಿಫ್ಟಿ 20,700ರಿಂದ 23,620ರ ನಡುವೆ ಎಲ್ಲಾದರೂ ಇದ್ದೀತು, ಮೂರಕ್ಕೊಂದು ಸಲ ಆಚೆಗೂ ಹೋದೀತು. ಇಂಡೆಕ್ಸ್ ಫಂಡಿನಲ್ಲಿ 5 ಲಕ್ಷ ಇಟ್ಟವರಿಗೆ ಇದನ್ನೇ ರೂಪಾಯಿಯಲ್ಲಿ ಹೇಳುವುದಾದರೆ, ತಿಂಗಳಲ್ಲಿ 33,000 ಆಚೀಚೆಯಾದರೆ ಅದು ವಿಶೇಷವಲ್ಲ. ಮೇ 7ರಂದು ನಿಫ್ಟಿ 24,414ಕ್ಕೆ ಮುಗಿಯಿತು. ಅದು ಗೆರೆ ದಾಟಿದ್ದು ಮೇಲಿನ ಕಡೆಗೆ, ಆ 5 ಲಕ್ಷಕ್ಕೆ ಸುಮಾರು 50,000 ರೂಪಾಯಿ ಸೇರಿಸಿಕೊಂಡು.