ಸೂತ್ರ ಒಂದೇ, ಸ್ವಭಾವ ಎರಡು

ದೀಪಾವಳಿಯಲ್ಲಿ ಚಿಕ್ಕ ಮಕ್ಕಳಿಗೆಂದು ತರುವ ‘ಪಾಪ್ ಪಾಪ್’ ಪೊಟ್ಟಣಕ್ಕೆ ಬೆಂಕಿಯೂ ಬೇಡ, ಬತ್ತಿಯೂ ಬೇಡ. ತೆಳು ಕಾಗದದಲ್ಲಿ ಸುತ್ತಿಟ್ಟ ಒಂದಿಷ್ಟು ಮರಳನ್ನು ನೆಲಕ್ಕೆ ಎಸೆದರೆ ಸಾಕು, ‘ಟಪ್’ ಎಂದು ಸಿಡಿಯುತ್ತದೆ. ಸಾಮಾನ್ಯವಾಗಿ ಆ ಸದ್ದು ಮರಳಿಗೆ ಸವರಿರುವ ಸಿಲ್ವರ್ ಫಲ್ಮಿನೇಟ್‌ನದು. ಅದರ ಪ್ರಮಾಣ ಒಂದು ಮಿಲಿಗ್ರಾಂನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಹೆಚ್ಚು ರಾಶಿ ಹಾಕಿದರೆ ಹರಳುಗಳು ತಮ್ಮ ಭಾರಕ್ಕೇ ಸಿಡಿಯಬಹುದು.

ಸಿಲ್ವರ್ ಸಯನೇಟ್ ಎಂಬ ಇನ್ನೊಂದು ಲವಣವಿದೆ. ಬಿಳಿಯ ಪುಡಿ, ಸಾಧು ಸ್ವಭಾವ, ಎಸೆದರೂ ಸದ್ದಿಲ್ಲ. ಎರಡರಲ್ಲೂ ಇರುವುದು ಒಂದು ಬೆಳ್ಳಿ, ಒಂದು ಕಾರ್ಬನ್, ಒಂದು ನೈಟ್ರೋಜನ್, ಒಂದು ಆಕ್ಸಿಜನ್. ತೂಕದ ಲೆಕ್ಕದಲ್ಲಿ ಎರಡರಲ್ಲೂ ಬೆಳ್ಳಿ ಸುಮಾರು 72 ಪ್ರತಿಶತ.

1820ರ ದಶಕದಲ್ಲಿ ಇದು ಇಬ್ಬರು ತರುಣ ಜರ್ಮನ್ ರಸಾಯನಶಾಸ್ತ್ರಜ್ಞರ ನಡುವೆ ತಕರಾರಾಗಿತ್ತು. ಫಲ್ಮಿನೇಟ್ ಅನ್ನು ವಿಶ್ಲೇಷಿಸಿದವನು ಯುಸ್ಟುಸ್ ಲೀಬಿಗ್, ಸಯನೇಟ್ ಅನ್ನು ವಿಶ್ಲೇಷಿಸಿದವನು ಫ್ರೀಡ್ರಿಕ್ ವೋಲರ್. ಇಬ್ಬರ ಅಂಕಿಗಳೂ ತಾಳೆಯಾದಾಗ ವೋಲರ್ ಎಲ್ಲೋ ಎಡವಿರಬೇಕೆಂದು ಲೀಬಿಗ್ ಭಾವಿಸಿದ. ಮತ್ತೆ ತೂಗಿ ನೋಡಿದಾಗ ಇಬ್ಬರೂ ಸರಿ ಎಂದು ತಿಳಿಯಿತು. ಜಗಳ ಜೀವಮಾನದ ಗೆಳೆತನವಾಯಿತು. 1830ರಲ್ಲಿ ಸ್ವೀಡನ್ನಿನ ಬರ್ಜೀಲಿಯಸ್ ಇಂಥ ಜೋಡಿಗಳನ್ನು ಐಸೋಮರ್ ಎಂದು ಕರೆದ. ಒಂದೇ ಸಾಮಗ್ರಿ, ಬೇರೆ ಜೋಡಣೆ. ಸಯನೇಟ್‌ನಲ್ಲಿ ಕಾರ್ಬನ್ ನಡುವೆ ಕೂತಿದೆ, ಫಲ್ಮಿನೇಟ್‌ನಲ್ಲಿ ನೈಟ್ರೋಜನ್. ಇಷ್ಟು ಸಣ್ಣ ಅದಲುಬದಲಿಗೆ ಇಷ್ಟು ದೊಡ್ಡ ಪರಿಣಾಮ ಏಕೆ ಎಂಬುದಕ್ಕೆ ಒಂದು ಸುಳಿವು, ಪಿಯುಸಿ ವಿದ್ಯಾರ್ಥಿಗಳ ಬೆವರಿಳಿಸುವ ರೆಸೊನೆನ್ಸ್ ಅಥವಾ ಅನುರಣನ ರಚನೆಗಳ ಪಾಠದಲ್ಲಿದೆ.

ಅಣುವಿನ ಚಿತ್ರ ಬರೆಯುವಾಗ ನಾವು ಎಲೆಕ್ಟ್ರಾನ್‌ಗಳನ್ನು ಜೋಡಿ ಜೋಡಿಯಾಗಿ ಹಂಚುತ್ತೇವೆ. ಎರಡು ಪರಮಾಣುಗಳ ನಡುವೆ ಒಂದು ಗೆರೆ ಎಂದರೆ ಇಬ್ಬರೂ ಹಂಚಿಕೊಂಡ ಒಂದು ಜೋಡಿ. ಬಂಧದಲ್ಲಿ ಸೇರದೆ ಒಂದೇ ಪರಮಾಣುವಿನ ಬಳಿ ಉಳಿದ ಜೋಡಿಗೆ ಲೋನ್ ಪೇರ್ ಎನ್ನುತ್ತಾರೆ. ತೊಂದರೆ ಏನೆಂದರೆ, ಎಷ್ಟೋ ಅಣುಗಳಲ್ಲಿ ಈ ಹಂಚಿಕೆಯನ್ನು ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಮಾಡಬಹುದು. ಪರಮಾಣುಗಳು ಇದ್ದಲ್ಲೇ ಇದ್ದು ಎಲೆಕ್ಟ್ರಾನ್ ಜೋಡಿಗಳ ಜಾಗ ಮಾತ್ರ ಬದಲಾದರೆ, ಹಾಗೆ ಬರೆದ ಚಿತ್ರಗಳೆಲ್ಲ ಒಂದೇ ಅಣುವಿನ ಅನುರಣನ ರಚನೆಗಳು. ಅಣು ಒಂದು ಗಳಿಗೆ ಹೀಗೆ, ಇನ್ನೊಂದು ಗಳಿಗೆ ಹಾಗೆ ಇರುವುದಿಲ್ಲ. ಅದರ ರೂಪ ಒಂದೇ, ಸ್ಥಿರ. ನಮ್ಮ ಗೆರೆಗಳಿಗೆ ಅದನ್ನು ಒಂದೇ ಚಿತ್ರದಲ್ಲಿ ಹಿಡಿಯುವ ಶಕ್ತಿ ಇಲ್ಲ, ಅಷ್ಟೆ. ಬೆಂಜೀನ್ ಇದಕ್ಕೆ ಹಳೆಯ ಸಾಕ್ಷಿ. ಚಿತ್ರದಲ್ಲಿ ಒಂಟಿ ಬಂಧ, ಜೋಡಿ ಬಂಧ ಸರದಿಯಂತೆ ಕಾಣುತ್ತವೆ. ಅಳೆದು ನೋಡಿದರೆ ಆರೂ ಬಂಧಗಳ ಉದ್ದ ಒಂದೇ, 139 ಪಿಕೋಮೀಟರ್. ಒಂಟಿ ಬಂಧದ 154ಕ್ಕೂ ಜೋಡಿ ಬಂಧದ 134ಕ್ಕೂ ನಡುವಿನದು. 1930ರ ದಶಕದಲ್ಲಿ ಈ ವಿಚಾರಕ್ಕೆ ಗಟ್ಟಿ ಬುನಾದಿ ಹಾಕಿದವನು ಅಮೆರಿಕದ ಲೈನಸ್ ಪೌಲಿಂಗ್.

ಬೆಂಜೀನ್‌ನ ಎರಡು ಚಿತ್ರಗಳಿಗೆ ಸಮಪಾಲು. ಎಲ್ಲ ಕಡೆ ಹಾಗಿರುವುದಿಲ್ಲ. ಹಲವು ಚಿತ್ರಗಳಲ್ಲಿ ಒಂದು ನಿಜ ರೂಪಕ್ಕೆ ಹೆಚ್ಚು ಹತ್ತಿರ, ಇನ್ನೊಂದು ಬರೀ ಕಾಗದದ ಮೇಲಿನ ಸಾಧ್ಯತೆ. ಯಾವುದು ಯಾವುದೆಂದು ತೀರ್ಮಾನಿಸಲು ಮೂರು ಪ್ರಶ್ನೆ ಕೇಳಬೇಕು. ಮೊದಲನೆಯದು, ಪ್ರತಿ ಪರಮಾಣುವಿನ ಸುತ್ತ ಎಂಟು ಎಲೆಕ್ಟ್ರಾನ್ ತುಂಬಿವೆಯೇ? ಎರಡನೆಯದು, ಪರಮಾಣುಗಳ ಮೇಲೆ ಕೂತ ಆವೇಶಗಳು ಎಷ್ಟು ಕಡಿಮೆ? ಮೂರನೆಯದು, ಋಣಾವೇಶ ಇರಲೇಬೇಕಾದರೆ ಅದು ಎಲೆಕ್ಟ್ರಾನನ್ನು ಹೆಚ್ಚು ಸೆಳೆಯುವ ಪರಮಾಣುವಿನ ಮೇಲಿದೆಯೇ? ಈ ಕ್ರಮ ಮುಖ್ಯ. ಸಿಇಟಿ ಪಟ್ಟಿಯಲ್ಲಿ ಇಬ್ಬರ ಅಂಕ ಸಮವಾದಾಗ ಮಾತ್ರ ಮುಂದಿನ ನಿಯಮ ನೋಡುವಂತೆ, ಮೊದಲ ಪ್ರಶ್ನೆಯಲ್ಲಿ ಸಮಬಲ ಬಂದರಷ್ಟೇ ಎರಡನೆಯದಕ್ಕೆ ಹೋಗುವುದು.

ಸಯನೇಟ್ ಅಯಾನನ್ನೇ ತೆಗೆದುಕೊಳ್ಳೋಣ. ಹೊರಕವಚದಲ್ಲಿ ನೈಟ್ರೋಜನ್‌ಗೆ 5 ಎಲೆಕ್ಟ್ರಾನ್, ಕಾರ್ಬನ್‌ಗೆ 4, ಆಕ್ಸಿಜನ್‌ಗೆ 6. ಅಯಾನಿನ ಋಣಾವೇಶದ್ದು ಇನ್ನೊಂದು. ಒಟ್ಟು 16, ಅಂದರೆ ಎಂಟು ಜೋಡಿ. ಎಲ್ಲರಿಗೂ ಎಂಟೆಂಟು ಸಿಗುವಂತೆ ಇವನ್ನು ಮೂರು ರೀತಿ ಹಂಚಬಹುದು:

N≡C–O
N=C=O
N–C≡O

ಮೂರೂ ಮೊದಲ ಪ್ರಶ್ನೆಯಲ್ಲಿ ಪಾಸು. ಇನ್ನು ಆವೇಶದ ಲೆಕ್ಕ. ಪಠ್ಯಪುಸ್ತಕಗಳ ಫಾರ್ಮಲ್ ಚಾರ್ಜ್ ಎಂದರೆ ಇದೇ: ಪರಮಾಣುವಿಗೆ ಸಹಜವಾಗಿ ಇರಬೇಕಾದ ಎಲೆಕ್ಟ್ರಾನ್‌ಗಳಿಂದ, ಚಿತ್ರದಲ್ಲಿ ಅದರ ಪಾಲಿಗೆ ಬಂದವನ್ನು ಕಳೆಯುವುದು. ಲೋನ್ ಪೇರ್‌ನ ಎರಡೂ ಅದರ ಪಾಲು, ಬಂಧದ ಜೋಡಿಯಲ್ಲಿ ಒಂದು ಮಾತ್ರ.

ಮೊದಲ ಚಿತ್ರದಲ್ಲಿ ನೈಟ್ರೋಜನ್‌ಗೆ ಮೂರು ಬಂಧ, ಒಂದು ಲೋನ್ ಪೇರ್. ಅದರ ಪಾಲು 3 + 2 = 5, ಇರಬೇಕಾದದ್ದೂ 5, ಆವೇಶ ಸೊನ್ನೆ. ನಾಲ್ಕು ಬಂಧವಿರುವ ಕಾರ್ಬನ್ ಕೂಡ ಸೊನ್ನೆ. ಆಕ್ಸಿಜನ್‌ಗೆ ಒಂದು ಬಂಧ, ಮೂರು ಲೋನ್ ಪೇರ್. ಪಾಲು 7, ಇರಬೇಕಾದದ್ದು 6, ಹಾಗಾಗಿ −1. ಇದೇ ಲೆಕ್ಕವನ್ನು ಎರಡನೆಯ ಚಿತ್ರಕ್ಕೆ ಹಾಕಿದರೆ −1 ನೈಟ್ರೋಜನ್ ಮೇಲೆ ಬರುತ್ತದೆ, ಉಳಿದೆರಡು ಸೊನ್ನೆ. ಮೂರನೆಯದರಲ್ಲಿ ನೈಟ್ರೋಜನ್ ಮೇಲೆ −2, ಆಕ್ಸಿಜನ್ ಮೇಲೆ +1. ಎಲೆಕ್ಟ್ರಾನ್ ಸೆಳೆಯುವುದರಲ್ಲಿ ಎತ್ತಿದ ಕೈ ಎನಿಸಿದ ಆಕ್ಸಿಜನ್‌ನಿಂದ ಕಿತ್ತು ನೈಟ್ರೋಜನ್‌ಗೆ ಹೇರಿದಂತೆ! ಇದನ್ನು ಅಲ್ಲಿಗೇ ಬಿಡಬಹುದು.

ಉಳಿದೆರಡು ಚಿತ್ರಗಳಲ್ಲಿ ಆವೇಶದ ಮೊತ್ತ ಸಮ. ಈಗ ಮೂರನೆಯ ಪ್ರಶ್ನೆ. ಎಲೆಕ್ಟ್ರಾನ್ ಸೆಳೆತಕ್ಕೆ ಪೌಲಿಂಗ್ ಕೊಟ್ಟ ಅಳತೆಯಲ್ಲಿ ಕಾರ್ಬನ್‌ಗೆ 2.55, ನೈಟ್ರೋಜನ್‌ಗೆ 3.04, ಆಕ್ಸಿಜನ್‌ಗೆ 3.44. ಋಣಾವೇಶ ಆಕ್ಸಿಜನ್ ಮೇಲಿರುವ N≡C–O ಗೆಲ್ಲುತ್ತದೆ. ಆದರೆ ಅಂತರ ಕಡಿಮೆ, N=C=O ಚಿತ್ರದ ಪಾಲೂ ಸಾಕಷ್ಟಿದೆ. ಇದನ್ನು ಮರೆತರೆ ಮೋಸ ಹೋಗುತ್ತೇವೆ: ಸಯನೇಟ್‌ಗೆ ಹೈಡ್ರೋಜನ್ ಸೇರಿದಾಗ ಹೆಚ್ಚು ಸ್ಥಿರವಾದ ಆಮ್ಲದಲ್ಲಿ ಅದು ಅಂಟುವುದು ಆಕ್ಸಿಜನ್‌ಗಲ್ಲ, ನೈಟ್ರೋಜನ್‌ಗೆ. ಅತಿ ಸ್ಥಿರವಾದ ಚಿತ್ರ ಅಯಾನಿನ ಎಲೆಕ್ಟ್ರಾನ್‌ಗಳು ಎಲ್ಲಿ ದಟ್ಟವಾಗಿವೆ ಎಂದು ಹೇಳುತ್ತದೆ. ಮುಂದಿನ ರಾಸಾಯನಿಕ ಕ್ರಿಯೆ ಎಲ್ಲಿ ನಡೆಯುತ್ತದೆ ಎಂಬ ಭರವಸೆ ಕೊಡುವುದಿಲ್ಲ.

ಈಗ ಫಲ್ಮಿನೇಟ್. ಅದೇ 16 ಎಲೆಕ್ಟ್ರಾನ್, ಅದೇ ಮೂರು ಪರಮಾಣು. ನಡುವೆ ಮಾತ್ರ ನೈಟ್ರೋಜನ್.

C≡N–O
C=N=O
C–N≡O

ಮೊದಲನೆಯದರಲ್ಲಿ ಕಾರ್ಬನ್ −1, ನೈಟ್ರೋಜನ್ +1, ಆಕ್ಸಿಜನ್ −1. ಎರಡನೆಯದರಲ್ಲಿ ಕಾರ್ಬನ್ −2, ನೈಟ್ರೋಜನ್ +1. ಮೂರನೆಯದರಲ್ಲಿ ಕಾರ್ಬನ್ ಮೇಲೆ −3 ಹೊರೆ, ಜೊತೆಗೆ ಅಕ್ಕಪಕ್ಕದ ನೈಟ್ರೋಜನ್, ಆಕ್ಸಿಜನ್ ಎರಡೂ ಧನಾವೇಶದವು. ಒಂದನ್ನು ಆರಿಸಬೇಕಾದರೆ C≡N–O, ಅದರಲ್ಲಿ ಅನುಮಾನವಿಲ್ಲ. ಆದರೆ ಆರಿಸಿದ್ದೂ ಅಂಥ ಒಳ್ಳೆಯದೇನಲ್ಲ. ಸಯನೇಟ್‌ನ ಒಳ್ಳೆಯ ಚಿತ್ರಗಳಲ್ಲಿ ಒಂದೇ ಪರಮಾಣುವಿನ ಮೇಲೆ ಆವೇಶವಿತ್ತು. ಇಲ್ಲಿ ಮೂರರ ಮೇಲೂ ಇದೆ. ಮೂವರಲ್ಲಿ ಎಲೆಕ್ಟ್ರಾನ್ ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆಯಿರುವ ಕಾರ್ಬನ್ ಮೂರೂ ಚಿತ್ರಗಳಲ್ಲಿ ಋಣಾವೇಶ ಹೊತ್ತಿದೆ.

ಇಲ್ಲಿ ವಿದ್ಯಾರ್ಥಿಗಳು ಎರಡು ಕಡೆ ಜಾರುತ್ತಾರೆ. ಆವೇಶ ಕಡಿಮೆ ಮಾಡುವ ಆಸೆಯಿಂದ ಕೆಲವರು C≡N=O ಎಂದು ಬರೆಯುತ್ತಾರೆ. ನೋಡಲು ಚೆಂದ: ನೈಟ್ರೋಜನ್ ಸೊನ್ನೆ, ಆಕ್ಸಿಜನ್ ಸೊನ್ನೆ, ಕಾರ್ಬನ್ ಮಾತ್ರ −1. ಆದರೆ ನೈಟ್ರೋಜನ್‌ನ ಸುತ್ತ ಐದು ಗೆರೆ, ಅಂದರೆ ಹತ್ತು ಎಲೆಕ್ಟ್ರಾನ್. ಅದರ ಹೊರಕವಚದಲ್ಲಿ ಜಾಗವಿರುವುದೇ ಎಂಟಕ್ಕೆ. ಮೊದಲ ಪ್ರಶ್ನೆಯಲ್ಲಿ ಫೇಲಾದ ಚಿತ್ರಕ್ಕೆ ಎರಡನೆಯದರಲ್ಲಿ ಎಷ್ಟು ಅಂಕ ಬಂದರೇನು?

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮ. ಸಯನೇಟ್ ಮತ್ತು ಫಲ್ಮಿನೇಟ್ ಪರಸ್ಪರ ಅನುರಣನ ರಚನೆಗಳೆಂದು ಭಾವಿಸುವುದು. ಒಂದರಿಂದ ಇನ್ನೊಂದಕ್ಕೆ ಹೋಗಲು ಪರಮಾಣುಗಳನ್ನೇ ಕಿತ್ತು ಜೋಡಿಸಬೇಕು. ಹಾಗಾಗಿ ಅವು ಬೇರೆ ಬೇರೆ ವಸ್ತುಗಳು, ಬೇರೆ ಬೇರೆ ಶೀಷೆಯಲ್ಲಿ ಇಡಬಹುದಾದವು. N≡C–O ಮತ್ತು N=C=O ಗಳನ್ನು ಯಾವ ಶೀಷೆಯೂ ಬೇರ್ಪಡಿಸಲಾರದು.

ಫಲ್ಮಿನೇಟ್ ಸಿಡಿಯಲು ಆವೇಶದ ಲೆಕ್ಕವೊಂದೇ ಕಾರಣ ಎಂದರೆ ಅತಿಯಾದೀತು. ಸಿಡಿದಾಗ ಅದು ಬೆಳ್ಳಿ, ಕಾರ್ಬನ್ ಮಾನಾಕ್ಸೈಡ್ ಮತ್ತು ನೈಟ್ರೋಜನ್ ಅನಿಲವಾಗಿ ಒಡೆಯುತ್ತದೆ. ಕೊನೆಯ ಎರಡು ಅತ್ಯಂತ ಬಿಗಿ ಬಂಧದ ಅಣುಗಳಾದ್ದರಿಂದ ಬಿಡುಗಡೆಯಾಗುವ ಶಕ್ತಿ ದೊಡ್ಡದು. ಎಷ್ಟು ಸಣ್ಣ ಏಟಿಗೆ ಒಡೆಯುತ್ತದೆ ಎಂಬುದನ್ನು ಹರಳಿನ ಜೋಡಣೆ, ಜೊತೆಗಿರುವ ಲೋಹ ಇವೂ ನಿರ್ಧರಿಸುತ್ತವೆ. ಅಯಾನು ನೆಮ್ಮದಿಯಾಗಿಲ್ಲ ಎಂಬಷ್ಟನ್ನು ಮಾತ್ರ ಕಾಗದದ ಮೇಲಿನ ಲೆಕ್ಕ ಹೇಳಬಲ್ಲದು.

ಮೂರು ಪ್ರಶ್ನೆಗಳ ಕ್ರಮ ಎಷ್ಟು ಮುಖ್ಯವೆಂದು ಕಾರ್ಬನ್ ಮಾನಾಕ್ಸೈಡ್ ಚೆನ್ನಾಗಿ ತೋರಿಸುತ್ತದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿ ಮಲಗಿದವರ ಪ್ರಾಣ ತೆಗೆಯುವ ಅನಿಲ ಇದೇ. ಇದನ್ನು C=O ಎಂದು ಬರೆದರೆ ಎರಡೂ ಪರಮಾಣುಗಳ ಆವೇಶ ಸೊನ್ನೆ, ಆದರೆ ಕಾರ್ಬನ್ ಸುತ್ತ ಆರೇ ಎಲೆಕ್ಟ್ರಾನ್. C≡O ಎಂದು ಬರೆದರೆ ಇಬ್ಬರಿಗೂ ಎಂಟು ತುಂಬುತ್ತದೆ, ಆದರೆ ಕಾರ್ಬನ್ −1, ಆಕ್ಸಿಜನ್ +1. ಎರಡನೆಯ, ಮೂರನೆಯ ನಿಯಮಗಳೆರಡಕ್ಕೂ ಉಲ್ಟಾ. ಆದರೂ ಗೆಲ್ಲುವುದು ಎರಡನೆಯ ಚಿತ್ರವೇ. ಪ್ರಯೋಗದಲ್ಲಿ ಅಳೆದಾಗ ಈ ಅಣುವಿನ ಋಣ ತುದಿ, ಅತ್ಯಲ್ಪವಾಗಿಯಾದರೂ, ಕಾರ್ಬನ್ ಕಡೆಗೇ ಇದೆ. ರಕ್ತದ ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣವನ್ನು ಅದು ಹಿಡಿಯುವುದೂ ಕಾರ್ಬನ್ ತುದಿಯಿಂದಲೇ.

ಓದುಗರು ತಾವೇ ಒಮ್ಮೆ ಲೆಕ್ಕ ಹಾಕಬೇಕೆಂದಿದ್ದರೆ ನಗೆಯನಿಲ, ಅಂದರೆ N₂O, ತೆಗೆದುಕೊಳ್ಳಬಹುದು. ಪರಮಾಣುಗಳ ಕ್ರಮ N–N–O, ಎಲೆಕ್ಟ್ರಾನ್ ಇಲ್ಲೂ 16. ಮೂರು ಚಿತ್ರ ಬರೆದು ಆವೇಶ ಹಾಕಿದರೆ N≡N–O ಮೊದಲು, N=N=O ಅದರ ಹಿಂದೆಯೇ, N–N≡O ಲೆಕ್ಕಕ್ಕಿಲ್ಲ ಎಂಬ ಉತ್ತರ ಬರಬೇಕು. ಎಲ್ಲೂ ಆವೇಶವೇ ಇಲ್ಲದ ಚಿತ್ರವೊಂದು ಬಂದುಬಿಟ್ಟರೆ, ನಡುವಿನ ನೈಟ್ರೋಜನ್‌ನ ಗೆರೆಗಳನ್ನು ಇನ್ನೊಮ್ಮೆ ಎಣಿಸಿ. ಅಲ್ಲಿ ಐದು ಇರುತ್ತವೆ.