‘ತಂದಳು’ ಎಂದು ಯಂತ್ರಕ್ಕೆ ಹೊಳೆಯುವುದು ಹೇಗೆ?

ಚಾಟ್‌ಜಿಪಿಟಿಯಂಥ ತಂತ್ರಾಂಶಗಳು ಪತ್ರ ಬರೆಯಲಿ, ಕಥೆ ಹೆಣೆಯಲಿ, ಒಳಗೆ ನಡೆಯುವುದು ಒಂದೇ ಕೆಲಸ. ಇಲ್ಲಿಯವರೆಗಿನ ಬರಹವನ್ನೆಲ್ಲ ನೋಡಿ, ಮುಂದೆ ಯಾವ ಪದ ಬರಬಹುದೆಂದು ಅಂದಾಜು ಮಾಡುವುದು. ಆ ಪದವನ್ನು ಬರಹದ ಕೊನೆಗೆ ಸೇರಿಸಿ, ಅದನ್ನೂ ಒಳಗೊಂಡ ಬರಹವನ್ನು ಆಧಾರವಾಗಿಟ್ಟುಕೊಂಡು ಅದರ ಮುಂದಿನ ಪದವನ್ನು ಅಂದಾಜು ಮಾಡುವುದು. ಇಡೀ ಪ್ರಬಂಧವಾದರೂ ಹೀಗೆ ಒಂದೊಂದೇ ಪದವಾಗಿ ಬೆಳೆಯುತ್ತದೆ. ಈ ಕೆಲಸ ಮಾಡುವ ಗಣಿತದ ರಚನೆಗೆ ಟ್ರಾನ್ಸ್‌ಫಾರ್ಮರ್ ಎಂದು ಹೆಸರು. ಗೂಗಲ್‌ನಲ್ಲಿ ಕೆಲಸ ಮಾಡುತ್ತಿದ್ದ ಎಂಟು ಮಂದಿ ಸಂಶೋಧಕರು 2017ರಲ್ಲಿ ‘ಅಟೆನ್ಷನ್ ಈಸ್ ಆಲ್ ಯು ನೀಡ್’ ಎಂಬ ಪ್ರಬಂಧದಲ್ಲಿ ಇದನ್ನು ವಿವರಿಸಿದರು. ಇಂಗ್ಲಿಷಿನಿಂದ ಜರ್ಮನ್, ಫ್ರೆಂಚ್ ಭಾಷೆಗಳಿಗೆ ಅನುವಾದಿಸುವುದರಲ್ಲಿ ಅವರು ಅದನ್ನು ಮೊದಲು ಪರೀಕ್ಷಿಸಿದ್ದರು. ಪ್ರಬಂಧದ ಹೆಸರಿನಲ್ಲಿರುವ ‘ಅಟೆನ್ಷನ್’, ಅಂದರೆ ಗಮನ, ಈ ರಚನೆಯ ಜೀವಾಳ.

ಅದು ಕೆಲಸ ಮಾಡುವ ರೀತಿಯನ್ನು ಒಂದು ವಾಕ್ಯದಲ್ಲೇ ಕಾಣಬಹುದು:

ನಿನ್ನೆ ಜಾತ್ರೆಗೆ ಹೋಗಿದ್ದ ಅಜ್ಜಿ ಮೊಮ್ಮಗನಿಗೆ ಬೆಂಡು ಬತ್ತಾಸು ______

ಕನ್ನಡ ಬಲ್ಲ ಯಾರೇ ಆದರೂ ಇಲ್ಲಿ ‘ತಂದಳು’ ಎಂದೋ ‘ತಂದಿದ್ದಳು’ ಎಂದೋ ಸೇರಿಸುತ್ತಾರೆ. ಆ ಒಂದು ಪದಕ್ಕೆ ಮೂರು ಕಡೆಯಿಂದ ಸುಳಿವು ಬೇಕು. ‘ತರು’ ಎಂಬ ಧಾತುವನ್ನು ಸೂಚಿಸುವುದು ಜಾತ್ರೆ ಮತ್ತು ಬತ್ತಾಸು. ಭೂತಕಾಲವನ್ನು ಸೂಚಿಸುವುದು ವಾಕ್ಯದ ಆರಂಭದಲ್ಲಿರುವ ‘ನಿನ್ನೆ’. ಕೊನೆಯ ‘ಳು’ ಬರುವುದು ಅಜ್ಜಿಯಿಂದ. ಬಿಟ್ಟ ಸ್ಥಳಕ್ಕೆ ಅಜ್ಜಿಗಿಂತ ಮೊಮ್ಮಗನೇ ಹತ್ತಿರವಿದ್ದಾನೆ. ಆದರೂ ಕ್ರಿಯಾಪದ ಅವನನ್ನು ಬಿಟ್ಟು ಅಜ್ಜಿಯನ್ನು ಹಿಡಿಯಬೇಕು.

ಎಣಿಕೆ ಸೋಲುವಲ್ಲಿ

ಮುಂದಿನ ಪದವನ್ನು ಊಹಿಸುವ ಯೋಚನೆ ಹಳೆಯದು. ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1948ರಲ್ಲೇ, ಒಂದು ಪದದ ನಂತರ ಇನ್ನೊಂದು ಪದ ಎಷ್ಟು ಸಲ ಬರುತ್ತದೆ ಎಂಬುದನ್ನು ಅನುಸರಿಸಿ ಇಂಗ್ಲಿಷ್ ವಾಕ್ಯಗಳನ್ನು ಹುಟ್ಟಿಸಿ ತೋರಿಸಿದ್ದರು. ಅಕ್ಕಪಕ್ಕದ ಎರಡು ಮೂರು ಪದಗಳನ್ನು ನೋಡಿದರೆ ಅದು ಇಂಗ್ಲಿಷೇ. ಇಡೀ ವಾಕ್ಯ ಓದಿದರೆ ತಲೆಬುಡವಿಲ್ಲ.

ಮೇಲಿನ ವಾಕ್ಯದಲ್ಲೂ ಅದೇ ತೊಡಕು. ‘ಬೆಂಡು ಬತ್ತಾಸು’ ಎಂಬ ಎರಡು ಪದಗಳನ್ನಷ್ಟೇ ನೋಡುವವರಿಗೆ ಮುಂದೆ ‘ತಿಂದರು’, ‘ಮಾರುವ’, ‘ತಂದನು’ ಯಾವುದೂ ಬರಬಹುದು. ಹೆಚ್ಚು ಪದಗಳ ಸರಣಿಯನ್ನು ಎಣಿಸೋಣವೆಂದರೆ ಲೆಕ್ಕ ಕೈಮೀರುತ್ತದೆ. 50,000 ಪದಗಳಿರುವ ಭಾಷೆಯಲ್ಲಿ ಎರಡು ಪದಗಳ ಜೋಡಿಗಳು 250 ಕೋಟಿ ಆಗಬಹುದು, ಮೂರು ಪದಗಳ ಸರಣಿಗಳು 125 ಲಕ್ಷ ಕೋಟಿ. ಅಜ್ಜಿಯಿಂದ ಕ್ರಿಯಾಪದದವರೆಗಿನ ಸರಣಿ ಅದಕ್ಕಿಂತ ಉದ್ದ. ಅದು ಹಿಂದೆ ಯಾರೂ ಬರೆಯದೇ ಇರುವ ಸರಣಿಯೂ ಆಗಿರಬಹುದು. ಎಂದೂ ಕಾಣದ ಸರಣಿಯನ್ನು ಎಣಿಸುವುದೆಲ್ಲಿಂದ ಬಂತು?

ಪದ ಸಂಖ್ಯೆಯಾಗುವ ಬಗೆ

ಟ್ರಾನ್ಸ್‌ಫಾರ್ಮರ್ ಎಣಿಸುವುದನ್ನು ಬಿಟ್ಟು ಪದಗಳನ್ನು ಸಂಖ್ಯೆಗಳಾಗಿ ಬದಲಿಸುತ್ತದೆ. ಮೊದಲು ಬರಹವನ್ನು ಟೋಕನ್ ಎಂಬ ತುಣುಕುಗಳಾಗಿ ಒಡೆಯುತ್ತದೆ. ಓಪನ್‌ಎಐ ಸಂಸ್ಥೆ 2020ರಲ್ಲಿ ವಿವರಿಸಿದ ಜಿಪಿಟಿ-3 ಮಾದರಿಯಲ್ಲಿ ಇಂಥ ತುಣುಕುಗಳ ಪಟ್ಟಿಯಲ್ಲಿ 50,257 ನಮೂದುಗಳಿದ್ದವು. ಬಹುಪಾಲು ಇಂಗ್ಲಿಷ್ ಬರಹದಿಂದ ತಯಾರಾದ ಪಟ್ಟಿಯಾದ್ದರಿಂದ ಬಳಕೆಯ ಇಂಗ್ಲಿಷ್ ಪದಕ್ಕೆ ಒಂದೇ ತುಣುಕು ಸಾಕಾಗುತ್ತಿತ್ತು. ಕನ್ನಡದ ಪದ ಮಾತ್ರ ಹಲವು ಚೂರಾಗುತ್ತಿತ್ತು. ‘ಕನ್ನಡ’ ಎಂಬ ಮೂರಕ್ಷರದ ಪದವೇ ಕಂಪ್ಯೂಟರಿನೊಳಗೆ ಐದು ಸಂಕೇತ, ಒಂದೊಂದಕ್ಕೆ ಮೂರರಂತೆ 15 ಬೈಟ್. ಇಲ್ಲಿ ವಿವರಣೆ ಸರಳವಾಗಲೆಂದು ಒಂದು ಪದವನ್ನು ಒಂದು ತುಣುಕೆಂದೇ ಎಣಿಸಲಾಗಿದೆ.

ಪ್ರತಿ ತುಣುಕಿಗೂ ಒಂದು ಸಂಖ್ಯೆಗಳ ಸಾಲಿದೆ. ಜಿಪಿಟಿ-3ರಲ್ಲಿ ಆ ಸಾಲಿನ ಉದ್ದ 12,288. ಊರಿನ ನಕ್ಷೆಯಲ್ಲಿ ಎರಡು ಸಂಖ್ಯೆಗಳಿಂದ ಒಂದು ಮನೆಯ ಜಾಗ ಗೊತ್ತಾಗುವ ಹಾಗೆ, ಈ ಸಾಲಿನಿಂದ ಪದದ ಜಾಗ ಗೊತ್ತಾಗುತ್ತದೆ. ಒಂದೇ ರೀತಿಯಲ್ಲಿ ಬಳಕೆಯಾಗುವ ‘ಅಜ್ಜಿ’, ‘ಅಮ್ಮ’, ‘ಅತ್ತೆ’ ಹತ್ತಿರ ಹತ್ತಿರ ಇರುತ್ತವೆ. ‘ಕೊಡಲಿ’ ದೂರ ಇರುತ್ತದೆ. ‘ಅಜ್ಜಿ’ಯ ವಾಕ್ಯದಿಂದ ಕಲಿತದ್ದು ‘ಅತ್ತೆ’ಯ ವಾಕ್ಯಕ್ಕೂ ಒದಗುವುದು ಇದರಿಂದಲೇ. ಎಂದೂ ಕಾಣದ ಸರಣಿಯ ತೊಡಕಿಗೆ ಇದು ಅರ್ಧ ಪರಿಹಾರ. ಉಳಿದರ್ಧ ಗಮನ.

ಯಾರ ಕಡೆ ನೋಡಬೇಕು?

ಮುಂದಿನ ಪದವನ್ನು ಊಹಿಸುವ ಹೊಣೆ ವಾಕ್ಯದ ಕೊನೆಯ ಪದದ ಜಾಗದ್ದು, ಇಲ್ಲಿ ‘ಬತ್ತಾಸು’. ಅಲ್ಲಿಂದ ಒಂದು ಪ್ರಶ್ನೆ ಹೊರಡುತ್ತದೆ. ಹಿಂದಿನ ಪ್ರತಿ ಪದವೂ ತನ್ನ ಗುರುತನ್ನು ಮುಂದಿಡುತ್ತದೆ. ಪ್ರಶ್ನೆಗೂ ಗುರುತಿಗೂ ಹೊಂದಿದಷ್ಟು ಆ ಪದದ ಸಾರ ‘ಬತ್ತಾಸು’ವಿನ ಜಾಗಕ್ಕೆ ಹರಿದುಬರುತ್ತದೆ. ಪ್ರಶ್ನೆ, ಗುರುತು, ಸಾರ ಮೂರೂ ಸಂಖ್ಯೆಗಳ ಸಾಲುಗಳೇ. ಮಾತಿನಲ್ಲಿ ಹೇಳುವುದಾದರೆ ಪ್ರಶ್ನೆ ‘ಈ ಕೆಲಸ ಮಾಡಿದವರು ಯಾರು?’ ಎಂದಿರಬಹುದು. ಅಜ್ಜಿಯ ಗುರುತು ‘ನಾನು ಕರ್ತೃ’ ಎನ್ನುತ್ತದೆ. ‘ಇಗೆ’ ಪ್ರತ್ಯಯ ಹೊತ್ತ ಮೊಮ್ಮಗನ ಗುರುತು ‘ನಾನು ಪಡೆದವನು’ ಎನ್ನುತ್ತದೆ.

ಹೊಂದಾಣಿಕೆಯನ್ನು ಅಳೆಯಲು ಪ್ರಶ್ನೆಯ ಸಾಲನ್ನೂ ಗುರುತಿನ ಸಾಲನ್ನೂ ಸಂಖ್ಯೆಗೆ ಸಂಖ್ಯೆ ಗುಣಿಸಿ ಕೂಡಲಾಗುತ್ತದೆ. ಅಜ್ಜಿಗೆ 3, ಮೊಮ್ಮಗನಿಗೆ 1, ಜಾತ್ರೆಗೆ 0 ಅಂಕ ಬಂತೆಂದುಕೊಳ್ಳೋಣ. ಉಳಿದ ಪದಗಳನ್ನು ಸದ್ಯಕ್ಕೆ ಬಿಡೋಣ. ಈ ಅಂಕಗಳನ್ನು ಪಾಲುಗಳಾಗಿ ಹಂಚಲು, ಗಣಿತದಲ್ಲಿ e ಎಂದು ಕರೆಯುವ 2.718ಕ್ಕೆ ಒಂದೊಂದು ಅಂಕವನ್ನೂ ಘಾತವಾಗಿ ಏರಿಸಲಾಗುತ್ತದೆ. ಬರುವ ಬೆಲೆ ಕ್ರಮವಾಗಿ 20.1, 2.7 ಮತ್ತು 1; ಒಟ್ಟು 23.8. ಅಂದರೆ ಅಜ್ಜಿಗೆ ಶೇ 84.4, ಮೊಮ್ಮಗನಿಗೆ ಶೇ 11.4, ಜಾತ್ರೆಗೆ ಶೇ 4.2 ಪಾಲು ಗಮನ. ಅಂಕದಲ್ಲಿ ಎರಡೇ ಹೆಜ್ಜೆ ಮುಂದಿದ್ದರೂ ಪಾಲಿನಲ್ಲಿ ಅಜ್ಜಿ ಮೊಮ್ಮಗನ ಏಳರಷ್ಟು. ಈ ಪಾಲಿನಂತೆ ಸಾರಗಳು ಬೆರೆತಾಗ ‘ಬತ್ತಾಸು’ವಿನ ಜಾಗಕ್ಕೆ ‘ಮಾಡಿದವಳು ಹೆಂಗಸು, ಒಬ್ಬಳೇ’ ಎಂಬ ಸುದ್ದಿ ತಲುಪುತ್ತದೆ. ನಡುವೆ ಎಷ್ಟು ಪದಗಳಿವೆ ಎಂಬುದು ಇಲ್ಲಿ ಅಡ್ಡ ಬರುವುದಿಲ್ಲ. ಪದಗಳ ಸ್ಥಾನವೂ ಲೆಕ್ಕಕ್ಕೆ ಸೇರಿರುತ್ತದೆ, ಆದರೆ ಹತ್ತಿರವಿದ್ದ ಮಾತ್ರಕ್ಕೆ ಮೊಮ್ಮಗ ಗೆಲ್ಲುವುದಿಲ್ಲ.

ಒಂದೇ ಪ್ರಶ್ನೆ ಸಾಲದು. ಕಾಲಕ್ಕೊಂದು, ವಸ್ತುವಿಗೊಂದು ಪ್ರಶ್ನೆ ಏಕಕಾಲಕ್ಕೆ ಹೊರಡಬೇಕು. ಜಿಪಿಟಿ-3ರಲ್ಲಿ ಹೀಗೆ ಗಮನಿಸುವ 96 ಘಟಕಗಳು ಒಂದೊಂದು ಪದರದಲ್ಲಿದ್ದವು, ಪದರಗಳೂ 96. ಪ್ರತಿ ಪದರದಲ್ಲಿ ಗಮನದ ನಂತರ ಇನ್ನೊಂದು ಹಂತವಿದೆ. ಅಲ್ಲಿ ಒಂದೊಂದು ಜಾಗವೂ ಪಡೆದ ಸುದ್ದಿಯನ್ನು ತಾನೇ ಅರಗಿಸಿಕೊಂಡು ಮೇಲಿನ ಪದರಕ್ಕೆ ಕಳಿಸುತ್ತದೆ. ಯಾವ ಘಟಕ ಏನನ್ನು ಕೇಳಬೇಕೆಂದು ಯಾರೂ ಗೊತ್ತುಮಾಡುವುದಿಲ್ಲ. ಒಳಹೊಕ್ಕು ನೋಡಿದರೆ ಹೆಚ್ಚಿನವು ಇಲ್ಲಿನ ಉದಾಹರಣೆಯಷ್ಟು ಅಚ್ಚುಕಟ್ಟಾಗಿರುವುದೂ ಇಲ್ಲ. ಆದರೂ ಕೆಲವದರ ಕೆಲಸ ಸ್ಪಷ್ಟವಾಗಿ ಸಿಕ್ಕಿದೆ. ಒಂದು ಬಗೆಯ ಘಟಕ, ಈಗಿನ ಪದ ಇದೇ ಬರಹದಲ್ಲಿ ಹಿಂದೆ ಬಂದಿತ್ತೇ ಎಂದು ಹುಡುಕಿ, ಆಗ ಅದರ ಮುಂದಿದ್ದ ಪದವನ್ನೇ ಈಗಲೂ ಸೂಚಿಸುತ್ತದೆ. ಕಥೆಯಲ್ಲಿ ಒಮ್ಮೆ ಬಂದ ವಿಚಿತ್ರ ಹೆಸರು ಹತ್ತು ಸಾಲಿನ ನಂತರವೂ ತಪ್ಪಿಲ್ಲದೆ ಮರಳುವುದಕ್ಕೆ ಇಂಥ ಘಟಕಗಳ ನೆರವಿದೆ.

ಕೊನೆಗೊಂದು ಚೀಟಿ

ಕೊನೆಯ ಪದರ ದಾಟಿದ ಮೇಲೆ ಪಟ್ಟಿಯ ಎಲ್ಲ ತುಣುಕುಗಳಿಗೂ ಒಂದೊಂದು ಸಾಧ್ಯತೆ ಸಿಗುತ್ತದೆ. ನಮ್ಮ ವಾಕ್ಯದಲ್ಲಿ, ಉದಾಹರಣೆಗೆ, ‘ತಂದಳು’ ಶೇ 55, ‘ತಂದಿದ್ದಳು’ ಶೇ 20, ಗೌರವದ ‘ತಂದರು’ ಶೇ 10, ‘ತಂದನು’ ಶೇ 1ಕ್ಕಿಂತ ಕಡಿಮೆ ಎಂದಿರಬಹುದು. ಸದಾ ಮೊದಲ ಸ್ಥಾನದ್ದನ್ನೇ ಆರಿಸಿದರೆ ಬರಹ ಹೇಳಿದ್ದನ್ನೇ ಹೇಳತೊಡಗುತ್ತದೆ. ಅದಕ್ಕೇ ಸಾಮಾನ್ಯವಾಗಿ ಪಾಲಿಗೆ ತಕ್ಕಂತೆ ಚೀಟಿ ಎತ್ತಲಾಗುತ್ತದೆ. ಒಂದೇ ಪ್ರಶ್ನೆಗೆ ಎರಡು ಸಲ ಎರಡು ಬಗೆಯ ಉತ್ತರ ಬರುವುದು ಈ ಚೀಟಿಯಿಂದ.

ಈ ಲೆಕ್ಕವನ್ನೆಲ್ಲ ನಡೆಸುವ ಒಳಗಿನ ಸಂಖ್ಯೆಗಳು ಜಿಪಿಟಿ-3ರಲ್ಲಿ 17,500 ಕೋಟಿ. ಅವು ಬಂದದ್ದು ತರಬೇತಿಯಿಂದ. ಆರಂಭದಲ್ಲಿ ಅವೆಲ್ಲ ಅಡ್ಡಾದಿಡ್ಡಿ, ಊಹೆಯೂ ಹಾಗೆಯೇ. ಮನುಷ್ಯರು ಬರೆದ ವಾಕ್ಯವನ್ನು ಕೊಟ್ಟು, ಮುಂದಿನ ಪದವನ್ನು ಮುಚ್ಚಿಟ್ಟು, ಊಹಿಸಲು ಬಿಡಲಾಗುತ್ತದೆ. ನಿಜವಾಗಿ ಇದ್ದ ಪದಕ್ಕೆ ಕಡಿಮೆ ಸಾಧ್ಯತೆ ಕೊಟ್ಟಷ್ಟೂ ದಂಡ ಹೆಚ್ಚು. ದಂಡ ಇಳಿಯುವ ದಿಕ್ಕಿಗೆ ಆ ಸಂಖ್ಯೆಗಳನ್ನೆಲ್ಲ ಕೂದಲೆಳೆಯಷ್ಟು ಸರಿಸಲಾಗುತ್ತದೆ. ಜಿಪಿಟಿ-3ರ ತರಬೇತಿ ಸುಮಾರು 30,000 ಕೋಟಿ ತುಣುಕುಗಳ ಮೇಲೆ ನಡೆಯಿತು. ವ್ಯಾಕರಣವನ್ನು ಯಾರೂ ಹೇಳಿಕೊಡಲಿಲ್ಲ. ಕರ್ತೃವಿನ ಕಡೆ ನೋಡದಿದ್ದರೆ ದಂಡ ಬೀಳುತ್ತಿತ್ತು, ನೋಡುವುದು ರೂಢಿಯಾಯಿತು.

ನಯಕ್ಕೂ ನಿಜಕ್ಕೂ ನಡುವೆ

ಈ ತರಬೇತಿಯಲ್ಲಿ ದಂಡ ಬೀಳುವುದು ಪದ ತಪ್ಪಿದ್ದಕ್ಕೆ. ಸಂಗತಿ ತಪ್ಪಿದ್ದಕ್ಕೆ ಬೇರೆ ದಂಡವಿಲ್ಲ. ‘ಈ ಕಾದಂಬರಿ ಮೊದಲು ಅಚ್ಚಾದ ವರ್ಷ’ ಎಂದು ಬಂದರೆ ಮುಂದೆ ನಾಲ್ಕಂಕಿಯ ಇಸವಿ ಬರಬೇಕೆಂಬುದು ಯಂತ್ರಕ್ಕೆ ಚೆನ್ನಾಗಿ ಗೊತ್ತು. ಪ್ರಸಿದ್ಧ ಕೃತಿಯಾದರೆ ತರಬೇತಿಯ ಬರಹದಲ್ಲಿ ಆ ಇಸವಿ ಹಲವು ಸಲ ಬಂದಿರುತ್ತದೆ, ಸಾಧ್ಯತೆಯೆಲ್ಲ ಅದರ ಮೇಲೇ ಕೂಡುತ್ತದೆ. ಅಪರೂಪದ ಕೃತಿಯಾದರೆ ಸಾಧ್ಯತೆ ಹತ್ತಾರು ಇಸವಿಗಳ ಮೇಲೆ ಹರಡುತ್ತದೆ. ಚೀಟಿ ಎತ್ತುವುದು ಮಾತ್ರ ನಿಲ್ಲುವುದಿಲ್ಲ. ಬಂದ ಇಸವಿ ತಪ್ಪಾಗಿದ್ದರೂ ವಾಕ್ಯ ಸೊಗಸಾಗಿಯೇ ಇರುತ್ತದೆ. ಬರೆದದ್ದನ್ನು ಅಳಿಸಿ ತಿದ್ದುವ ದಾರಿ ಈ ಕ್ರಮದಲ್ಲಿಲ್ಲ. ಮುಂದಿನ ಪದಗಳು ಆ ತಪ್ಪು ಇಸವಿಯ ಕಡೆಗೂ ಗಮನ ಹರಿಸಿ, ಅದಕ್ಕೆ ಹೊಂದುವ ವಿವರಗಳನ್ನೇ ಕಟ್ಟುತ್ತ ಹೋಗಬಹುದು.

ಇಂಥ ತಪ್ಪಿನ ವಾಸನೆ ಹಿಡಿಯಲು ಒಂದು ಉಪಾಯವಿದೆ. ಅದೇ ಪ್ರಶ್ನೆಯನ್ನು ಹೊಸದಾಗಿ ನಾಲ್ಕೈದು ಸಲ ಕೇಳುವುದು. ಪ್ರತಿ ಸಲವೂ ಇಸವಿ ಬದಲಾದರೆ ಅದು ಚೀಟಿಯಲ್ಲಿ ಬಂದ ಇಸವಿ. ಬದಲಾಗದಿದ್ದರೂ ನಿಜವೆಂಬ ಖಾತರಿಯಿಲ್ಲ. ಅನೇಕರು ಬರೆದ ತಪ್ಪನ್ನು ಯಂತ್ರವೂ ಗಟ್ಟಿಯಾಗಿ ಕಲಿತಿರುತ್ತದೆ.

‘ತಂದಳು’ ಎಂಬಲ್ಲಿ ‘ಳು’ ಸರಿಯಾಗಿ ಬಂದಿದೆ ಎಂದರೆ ಯಂತ್ರ ವಾಕ್ಯದೊಳಗಿನ ಅಜ್ಜಿಯನ್ನು ಗಮನಿಸಿದೆ ಎಂದಷ್ಟೇ ಅರ್ಥ. ಅಜ್ಜಿ ನಿಜಕ್ಕೂ ಜಾತ್ರೆಗೆ ಹೋಗಿದ್ದಳೇ ಎಂಬುದನ್ನು ವಾಕ್ಯದ ಹೊರಗೆ ಹೋಗಿಯೇ ವಿಚಾರಿಸಬೇಕು.